ಇಳಕಲ್ ಸೀರೆಯನ್ನು ಫೋಟೊದಲ್ಲಿ ಉಡಿಸುವುದು: ನಿರಿಗೆ, ದಡಿ, ಸೆರಗಿನ ಲೆಕ್ಕ

ಕೆಲಸ ಇಷ್ಟು. ಇಳಕಲ್‌ನ ಸೀರೆ ಅಂಗಡಿಯೊಂದಕ್ಕೆ ಗಿರಾಕಿ ತಮ್ಮ ನಿಂತ ಫೋಟೊ ಕಳಿಸುತ್ತಾರೆ. ಅಂಗಡಿಯವರ ಹತ್ತಿರ ಹಾಸಿ ತೆಗೆದ ಸೀರೆಯ ಫೋಟೊ ಇರುತ್ತದೆ. ಎರಡನ್ನೂ ಸೇರಿಸಿ, ಅದೇ ಸೀರೆಯನ್ನು ಅವರೇ ಉಟ್ಟಂತೆ ಚಿತ್ರ ಮಾಡಿಕೊಡಬೇಕು. ಅಂಗಿ, ಕುರ್ತಾಗಳಿಗೆ ಇಂಥ ವರ್ಚುವಲ್ ಟ್ರೈ-ಆನ್ ಈಗ ಸಲೀಸು. ಸೀರೆಗೆ ಅಲ್ಲ. ಅಂಗಿಯ ಫೋಟೊದಲ್ಲಿ ಅಂಗಿಯ ಆಕಾರ ಮೊದಲೇ ಇರುತ್ತದೆ, ಸೀರೆಯ ಫೋಟೊದಲ್ಲಿ ಇರುವುದು ಬರೀ ಬಟ್ಟೆ. ಆಕಾರ ಬರುವುದು ಉಟ್ಟ ಮೇಲೆ.

ಸಾಮಾನು: ಟ್ರೈಪಾಡ್ ಮೇಲೆ ಫೋನ್, 12 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಅಂಗಡಿಯ ನಿಲ್ಲುಗೊಂಬೆ, ಬಿಳಿ ಕಾಟನ್ ಸೀರೆ ಒಂದು (450 ರೂ.), ತಿಳಿನೀಲಿ ಬಟ್ಟೆ ಮಾರ್ಕರ್ ನಾಲ್ಕು (240 ರೂ.), ಗೊಂಬೆಗೆ ಸುತ್ತಲು ಸ್ಪಂಜಿನ ಹಾಳೆ (180 ರೂ.), ಟೇಲರ್ ಟೇಪು, ಗಂಜಿ.

ಹಂತ 1: ಸೀರೆಯ ಫೋಟೊ

ಮಡಿಕೆ ಹಾಕಿದ ಸೀರೆಯ ಫೋಟೊ ಈ ಕೆಲಸಕ್ಕೆ ಬರುವುದಿಲ್ಲ. ಬಿಚ್ಚಿ ಹಾಸಿ ಮೂರು ಫೋಟೊ ಬೇಕು: ಎರಡೂ ದಡಿ ಸೇರಿದಂತೆ ಒಂದು ಮೀಟರ್ ಒಡಲು, ದಡಿಯೊಂದೇ ಹತ್ತಿರದಿಂದ, ಮತ್ತು ಪೂರ್ತಿ ಸೆರಗು. ಮೂರರಲ್ಲೂ ಅಂಚಿಗೆ ಟೇಪು ಇಟ್ಟಿರಬೇಕು. ಒಂದು ಸೆಂ.ಮೀ.ಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ ಮುಂದೆ ಎಲ್ಲ ಕಡೆ ಬೇಕಾಗುತ್ತದೆ, ಅದು ಬರುವುದು ಈ ಟೇಪಿನಿಂದಲೇ. ಕ್ಯಾಮೆರಾ ನೇರ ಮೇಲಿನಿಂದ, ದೂರದಿಂದ, 2x ಲೆನ್ಸಿನಲ್ಲಿ. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆದರೆ ದಡಿ ಬಾಗುತ್ತದೆ.

ಬೆಳಕು ನೆರಳಿನದಿರಲಿ, ನೇರ ಬಿಸಿಲು ಬೇಡ. ಇಳಕಲ್‌ನ ಕೆಂಪು ದಡಿಯನ್ನು ಫೋನ್ ತನ್ನಷ್ಟಕ್ಕೆ ತೆಗೆದರೆ ಕೆಂಪು ಚಾನೆಲ್, ಅಂದರೆ ಫೋಟೊದ ಕೆಂಪು ಬೆಳಕಿನ ಲೆಕ್ಕ, ಪೂರ್ತಿ ತುಂಬಿಬಿಡುತ್ತದೆ, ಗೋಮಿ ಅಥವಾ ಚಿಕ್ಕಿ ಪರಾಸದಂಥ ದಡಿ ಚಿತ್ತಾರದ ಗೆರೆಗಳೆಲ್ಲ ಒಂದೇ ಕೆಂಪು ಪಟ್ಟಿಯಾಗುತ್ತವೆ. ಎಕ್ಸ್‌ಪೋಷರ್ ಅನ್ನು -0.7ಕ್ಕೆ ಇಳಿಸಿ ತೆಗೆದರೆ ಗೆರೆ ಉಳಿಯುತ್ತವೆ. ಫೋಟೊ ಸ್ವಲ್ಪ ಮಬ್ಬಾದರೆ ಚಿಂತೆಯಿಲ್ಲ, ಅದನ್ನು ಆಮೇಲೆ ಎತ್ತಬಹುದು. ಹೋದ ಗೆರೆಯನ್ನು ತರಲಾಗುವುದಿಲ್ಲ.

ಹಂತ 2: ಸಿದ್ಧ ಮಾಡೆಲ್‌ಗೆ ಕೊಟ್ಟು ನೋಡಿದ್ದು

ಮೊದಲು ಸುಲಭದ ದಾರಿ. ಕ್ಯಾಟ್‌ವಿಟಾನ್ ಎಂಬ, ಚಿತ್ರ ಬಿಡಿಸುವ ಎಐ ಡಿಫ್ಯೂಷನ್ ಮಾಡೆಲ್ 1024×768 ಅಳತೆಯಲ್ಲಿ 8 ಜಿಬಿ ಒಳಗೆ ಓಡುತ್ತದೆ, ನಮ್ಮ ಕಾರ್ಡಿಗೆ ಸಾಕು.

```
CUDA_VISIBLE_DEVICES=0 python app.py \
  --output_dir="resource/demo/output" \
  --mixed_precision="bf16" \
  --allow_tf32
```

ಕುರ್ತಾ ಕೊಟ್ಟರೆ ಚೆನ್ನಾಗಿಯೇ ಬರುತ್ತದೆ. ಹಾಸಿದ ಸೀರೆ ಕೊಟ್ಟು, ಉಡುಪಿನ ಬಗೆಯಲ್ಲಿ ಪೂರ್ಣ ಉಡುಪು ಆರಿಸಿದರೆ ಬರುವುದು ಸೀರೆಯ ಬಣ್ಣದ ನೈಟಿ. ಮೇಲಿನ ದಡಿ ಕೊರಳ ಪಟ್ಟಿಯಾಗುತ್ತದೆ, ಕೆಳಗಿನ ದಡಿ ಲಂಗದ ಅಂಚಾಗುತ್ತದೆ. ನಿರಿಗೆ ಇಲ್ಲ, ಹೆಗಲಿಂದ ಸೊಂಟಕ್ಕೆ ಅಡ್ಡ ಬರುವ ಬಟ್ಟೆಯೂ ಇಲ್ಲ. ಇಂಥ ಮಾಡೆಲ್‌ಗಳನ್ನು ಕಲಿಸಿದ್ದು ಮುಖ್ಯವಾಗಿ ವಿಟಾನ್-ಎಚ್‌ಡಿ ಮತ್ತು ಡ್ರೆಸ್‌ಕೋಡ್ ಎಂಬ ಎರಡು ಫೋಟೊ ಸಂಗ್ರಹಗಳಿಂದ. ಮೊದಲನೆಯದರಲ್ಲಿ ಬರೀ ಮೇಲಂಗಿಗಳು, ಎರಡನೆಯದರಲ್ಲಿ ಮೇಲಂಗಿ, ಕೆಳಉಡುಪು, ಗೌನು. ಆಯತಾಕಾರದ ಬಟ್ಟೆ ಉಡುಪಾಗುವ ಉದಾಹರಣೆಯನ್ನೇ ಅವು ಕಂಡಿಲ್ಲ. ಹಾಗಾಗಿ ಸಿಕ್ಕ ಆಯತವನ್ನು ತಮಗೆ ಗೊತ್ತಿರುವ ಗೌನಿಗೆ ಎಳೆದು ಹೊಂದಿಸುತ್ತವೆ.

ಗೊಂಬೆಗೆ ಉಡಿಸಿದ ಸೀರೆಯ ಫೋಟೊವನ್ನು ಕೊಟ್ಟರೆ ಸುಧಾರಿಸುತ್ತದೆ. ನಿರಿಗೆ, ಸೆರಗು ಎರಡೂ ಬರುತ್ತವೆ. ಆದರೆ ಇಲ್ಲಿ ಇನ್ನೊಂದು ತೊಂದರೆ ಎದುರಾಯಿತು, ಅದು ನೇಯ್ಗೆಯದು. 155 ಸೆಂ.ಮೀ. ಎತ್ತರದವರು ಚಿತ್ರದಲ್ಲಿ 900 ಪಿಕ್ಸೆಲ್ ಎತ್ತರಕ್ಕೆ ನಿಂತರೆ ಒಂದು ಪಿಕ್ಸೆಲ್ ಅಂದರೆ 1.7 ಮಿ.ಮೀ. ಡಿಫ್ಯೂಷನ್ ಮಾಡೆಲ್ ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ, ಎರಡೂ ದಿಕ್ಕಿನಲ್ಲಿ 8 ಪಟ್ಟು ಕುಗ್ಗಿಸಿದ ರೂಪದಲ್ಲಿ ಕೆಲಸ ಮಾಡಿ ಕೊನೆಗೆ ಹಿಗ್ಗಿಸುತ್ತದೆ. ಅಂದರೆ ಅದರ ಒಂದು ಮನೆ ಬಟ್ಟೆಯ ಮೇಲೆ ಸುಮಾರು 14 ಮಿ.ಮೀ. ಅದಕ್ಕಿಂತ ಚಿಕ್ಕ ಚಿತ್ತಾರವನ್ನು ಅದು ನೆನಪಿಡುವುದಿಲ್ಲ, ಊಹಿಸುತ್ತದೆ. ದಡಿಯ ಗೋಮಿ ಯಾವುದೋ ಬಳ್ಳಿಯಾಯಿತು, ಸೆರಗಿನ ಹಣಿಗೆಯಾಕಾರದ ಚಿತ್ತಾರದ ಹಲ್ಲುಗಳು ಒಂದೊಂದು ಸಲಕ್ಕೆ ಒಂದೊಂದು ಎಣಿಕೆಗೆ ಬಂದವು. ಮಾಡೆಲ್ ಚಿತ್ರ ಶುರುಮಾಡುವ ಅಂಕಿಯನ್ನು, ಅಂದರೆ ಸೀಡ್ ಅನ್ನು ಬದಲಿಸಿದರೆ ಸೆರಗಿನ ಉದ್ದವೂ ಬದಲಾಗುತ್ತದೆ.

ಇದನ್ನು ನೋಡಿದ ನೇಕಾರರೊಬ್ಬರು ಕೂಡಲೇ, "ಇದು ನಮ್ಮ ಸೀರಿ ಅಲ್ರೀ" ಎಂದರು. ಕಾಟನ್ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿ ನೇಯುವ ಸೀರೆ ಇದು. ಟೋಪ ತೆನಿ ಎಂಬ ಇಳಕಲ್ ಸೆರಗಿನ ಹಲ್ಲು ತಪ್ಪಿದರೆ ಸೀರೆಯೇ ಬೇರೆ. ಮಾರುವ ಸೀರೆಯಲ್ಲಿ ಇಲ್ಲದ ಚಿತ್ತಾರವನ್ನು ಗಿರಾಕಿಗೆ ತೋರಿಸುವುದು ಸರಿಯಲ್ಲ. ಹೀಗಾಗಿ ನೇಯ್ಗೆಯನ್ನು ಮಾಡೆಲ್ ಕೈಗೆ ಕೊಡದಿರುವುದೆಂದು ಇಲ್ಲಿಗೇ ನಿರ್ಧಾರವಾಯಿತು. ಆಕಾರ ಒಂದು ಕಡೆಯಿಂದ, ಚಿತ್ತಾರ ಸೀರೆಯ ಅಸಲಿ ಫೋಟೊದಿಂದ ಬರಬೇಕು.

ಹಂತ 3: ಗೆರೆ ಹಾಕಿದ ಸೀರೆ

ಉಟ್ಟ ಸೀರೆಯ ಚಿತ್ರದಲ್ಲಿ ಒಂದೊಂದು ಬಿಂದುವೂ ಬಿಚ್ಚಿದ ಸೀರೆಯ ಯಾವ ಜಾಗದ್ದು ಎಂದು ಗೊತ್ತಾದರೆ ಸಾಕು, ಯಾವ ಸೀರೆಯನ್ನಾದರೂ ಅಲ್ಲಿ ಕೂರಿಸಬಹುದು. ಇದನ್ನು ತಿಳಿಯಲು ಬಿಳಿ ಸೀರೆಯ ಮೇಲೆ ಚೌಕಳಿ ಹಾಕಿ ಉಡಿಸಿದೆವು. ಒಳಸೆರಗಿನ ತುದಿ 0, ಸೆರಗಿನ ತುದಿ 550. ಪ್ರತಿ 10 ಸೆಂ.ಮೀ.ಗೆ ಉದ್ದಗೆರೆ, ಅಡ್ಡಗೆರೆ, ಗೆರೆ ಕೂಡುವಲ್ಲಿ ಅಂಕಿ.

ಬಿಳಿ ಸೀರೆಯನ್ನು ಹಾಗೇ ಉಡಿಸಿದರೆ ಬಟ್ಟೆ ಮೈಗೆ ಅಂಟುತ್ತದೆ, ಹೊಸ ಇಳಕಲ್ ಸೀರೆ ಹಾಗೆ ಬೀಳುವುದಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಬೇಕು. ದಡಿಯ ಬಿಗಿ ಬರಲು ಎರಡೂ ಅಂಚಿಗೆ 10 ಸೆಂ.ಮೀ. ಅಗಲದ ಅದೇ ಬಟ್ಟೆಯ ಪಟ್ಟಿಯನ್ನು ಒಳಗಡೆಯಿಂದ ಹೊಲಿದ ಮೇಲೆ ಕೆಳಅಂಚು ನೆಲಕ್ಕೆ ನೇರವಾಗಿ ನಿಂತಿತು.

ಗೆರೆಗೆ ತಿಳಿನೀಲಿ ಬಣ್ಣವೇ ಬೇಕು. ತಿಳಿನೀಲಿ ಶಾಯಿ ಕೆಂಪು ಬೆಳಕನ್ನು ಹೀರುತ್ತದೆ, ನೀಲಿಯನ್ನು ಬಿಳಿ ಬಟ್ಟೆಯ ಹಾಗೇ ವಾಪಸು ಕಳಿಸುತ್ತದೆ. ಹಾಗಾಗಿ ಒಂದೇ ಫೋಟೊದ ಕೆಂಪು ಚಾನೆಲ್‌ನಲ್ಲಿ ಚೌಕಳಿ ಢಾಳಾಗಿ ಕಾಣುತ್ತದೆ. ನೀಲಿ ಚಾನೆಲ್‌ನಲ್ಲಿ ಗೆರೆ ಬಹುತೇಕ ಮಾಯವಾಗಿ, ಮಡಿಕೆಗಳ ನೆರಳು ಮಾತ್ರ ಉಳಿಯುತ್ತದೆ. ಸೀರೆಯನ್ನು ಎರಡನೇ ಸಲ ಅದೇ ಥರ ಉಡಿಸಲು ಯಾರಿಗೂ ಆಗುವುದಿಲ್ಲ, ಆದ್ದರಿಂದ ಜಾಗದ ಲೆಕ್ಕ ಮತ್ತು ನೆರಳು ಎರಡೂ ಒಂದೇ ಫೋಟೊದಿಂದ ಸಿಗುವುದು ಮುಖ್ಯ. ಕಪ್ಪು ಮಾರ್ಕರ್‌ನಿಂದ ಹಾಕಿದ ಗೆರೆ ನೆರಳಿನಲ್ಲಿ ಉಳಿದುಬಿಡುತ್ತದೆ, ಅಳಿಸಲು ಹೋದರೆ ಮಡಿಕೆಯೂ ಅಳಿಯುತ್ತದೆ.

ಸೊಂಟದ ಸುತ್ತು ಮತ್ತು ಸೆರಗಿನಲ್ಲಿ 10 ಸೆಂ.ಮೀ. ಚೌಕಳಿ ಸಾಕಾಯಿತು. ನಿರಿಗೆಯಲ್ಲಿ ಅದು ಕೈಕೊಟ್ಟಿತು. ಒಂದು ನಿರಿಗೆ 12.5 ಸೆಂ.ಮೀ. ಅಗಲ, ಹೋಗಿ ಬಂದು 25 ಸೆಂ.ಮೀ. ಬಟ್ಟೆ ತಿನ್ನುತ್ತದೆ, ಆದರೆ ಎದುರಿನಿಂದ ಕಾಣುವುದು ಎರಡು ಮೂರು ಸೆಂ.ಮೀ. ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ 10 ಸೆಂ.ಮೀ.ಯ ಒಂದು ಗೆರೆಯೂ ಬೀಳದೆ ಹೋಗಬಹುದು. ನಿರಿಗೆಗೆ ಬರುವ ಭಾಗದಲ್ಲಿ 2 ಸೆಂ.ಮೀ.ಗೊಂದು ಗೆರೆ ಎಳೆದು, ಐದನೆಯದನ್ನು ದಪ್ಪ ಮಾಡಿದ ಮೇಲೆ ಲೆಕ್ಕ ಸಿಕ್ಕಿತು. ನಿರಿಗೆಯ ಮಡಿಕೆಗಳನ್ನು ಮೊದಲೇ ಅಳೆದು ಇಸ್ತ್ರಿ ಮಾಡಿಕೊಂಡರೆ, ಮಡಿಕೆಯ ಅಂಚು ಸೀರೆಯ ಯಾವ ಸೆಂ.ಮೀ.ಗೆ ಬೀಳುತ್ತದೆ ಎಂಬುದೂ ಗೊತ್ತಿರುತ್ತದೆ, ಅಂಚಿನ ಬಿಂದುಗಳನ್ನೂ ಲೆಕ್ಕಕ್ಕೆ ಸೇರಿಸಬಹುದು.

ಹಂತ 4: ತುಂಡು ತುಂಡಾಗಿ ಕೂರಿಸುವುದು

ಇಡೀ ಸೀರೆಯನ್ನು ಒಂದೇ ಮೇಲ್ಮೈ ಎಂದು ತಿಳಿದು ಬಿಂದುಗಳ ನಡುವೆ ತುಂಬಿಸಿದರೆ ನಿರಿಗೆಗಳ ಮೇಲೆ ಚಿತ್ತಾರ ರಾಡಿಯಾಗುತ್ತದೆ. ಒಂದು ನಿರಿಗೆಯ ಪಟ್ಟಿ 212 ಸೆಂ.ಮೀ.ಗೆ ಮುಗಿದರೆ ಪಕ್ಕದ್ದು 235ಕ್ಕೆ ಶುರುವಾಗುತ್ತದೆ. ನಡುವಿನ 23 ಸೆಂ.ಮೀ. ಒಳಗೆ ಮಡಚಿಕೊಂಡಿದೆ. ಇದು ಪ್ರೋಗ್ರಾಮಿಗೆ ಗೊತ್ತಿಲ್ಲದಿದ್ದರೆ ಆ 23 ಸೆಂ.ಮೀ. ಬಟ್ಟೆಯನ್ನೆಲ್ಲ ನಾಲ್ಕೈದು ಪಿಕ್ಸೆಲ್ಲಿನಲ್ಲಿ ತುರುಕುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಒಂದೊಂದು ತುಂಡಿಗೂ ಅದರ ಜಾಗವನ್ನಷ್ಟೇ ಗುರುತಿಸುವ ಬೇರೆ ಮಾಸ್ಕ್ ಬಿಡಿಸಿ, ಆ ತುಂಡಿನ ಬಿಂದುಗಳಿಂದ ಮಾತ್ರ ಲೆಕ್ಕ ಹಾಕಬೇಕು. ಆರು ನಿರಿಗೆಯ ಸೀರೆಗೆ ಹತ್ತು ತುಂಡು ಆದವು. ಮಾಸ್ಕ್ ಬಿಡಿಸುವುದು ಬೇಸರದ ಕೆಲಸ, ಆದರೆ ಒಂದು ಅಚ್ಚಿಗೆ, ಅಂದರೆ ಗೊಂಬೆಗೆ ಉಡಿಸಿ ತೆಗೆದ ಒಂದು ಚೌಕಳಿ ಸೀರೆಯ ಫೋಟೊಗೆ, ಒಂದೇ ಸಲ.

```python
import cv2
import numpy as np
from scipy.interpolate import griddata

def panel_map(pts, uv, mask):
    ys, xs = np.nonzero(mask)
    q = np.stack([xs, ys], 1)
    g = griddata(pts, uv, q, method="linear")
    n = griddata(pts, uv, q, method="nearest")
    g = np.where(np.isnan(g), n, g)
    m = np.full(mask.shape + (2,), -1, np.float32)
    m[ys, xs] = g
    return m

m = panel_map(pts, uv, mask)
out = cv2.remap(saree, m[..., 0]*ppcm, m[..., 1]*ppcm,
                cv2.INTER_LINEAR)
```

ಇಲ್ಲಿ `saree` ಎಂದರೆ ಹಂತ 1ರ ಒಡಲಿನ ಫೋಟೊವನ್ನು ಉದ್ದಕ್ಕೆ ಮತ್ತೆ ಮತ್ತೆ ಜೋಡಿಸಿ ತುದಿಗೆ ಸೆರಗು ಸೇರಿಸಿದ ಪೂರ್ತಿ ಸೀರೆಯ ಚಿತ್ರ, `ppcm` ಎಂದರೆ ಅದರಲ್ಲಿ ಸೆಂ.ಮೀ.ಗೆ ಎಷ್ಟು ಪಿಕ್ಸೆಲ್ ಎಂಬುದು. `nearest` ಸಾಲು ಬಿಟ್ಟರೆ ಪ್ರತಿ ತುಂಡಿನ ಅಂಚಿಗೆ ಕಪ್ಪು ಗೆರೆ ಬರುತ್ತದೆ, ಹೊರಗಿನ ಬಿಂದುಗಳಾಚೆ `linear` ಬೆಲೆ ಕೊಡುವುದಿಲ್ಲ. ಇನ್ನೊಂದು ಮಾತು: ಸೀರೆಯ ಫೋಟೊ ತೀರಾ ದೊಡ್ಡದಿದ್ದು ಉಟ್ಟ ಚಿತ್ರ ಚಿಕ್ಕದಿದ್ದರೆ, ಸಣ್ಣ ಚೌಕಳಿಯ ಒಡಲಿನ ಮೇಲೆ ಅಲೆ ಅಲೆಯಾದ ಸುಳ್ಳು ಪಟ್ಟಿಗಳು ಏಳುತ್ತವೆ. ಉಟ್ಟ ಚಿತ್ರದಲ್ಲಿ ಸೆಂ.ಮೀ.ಗೆ 10 ಪಿಕ್ಸೆಲ್ ಇದ್ದರೆ, ಸೀರೆಯ ಫೋಟೊವನ್ನು ಮೊದಲೇ 10–12ಕ್ಕೆ ಇಳಿಸಿಕೊಂಡರೆ ಅವು ಹೋಗುತ್ತವೆ.

ನೆರಳು ಸೇರಿಸುವುದು ಗುಣಾಕಾರ. ನೀಲಿ ಚಾನೆಲ್ಲಿನ ಬೆಲೆಯನ್ನು ಬಿಳಿಯ ಬೆಲೆಯಿಂದ ಭಾಗಿಸಿ, ಅದರಿಂದ ಸೀರೆಯ ಬಣ್ಣವನ್ನು ಗುಣಿಸುವುದು. ಹಾಗೆ ಮಾಡಿದ ಮೇಲೆ ಮಡಿಕೆಯ ನೆರಳು ದಡಿಯ ಕೆಂಪಿನ ಮೇಲೂ ಬಿಳಿ ಬಟ್ಟೆಯ ಮೇಲೆ ಬಿದ್ದಷ್ಟೇ ಗಾಢವಾಗಿ ಬಂತು.

ಹಂತ 5: ಮೈಗೆ ಹೊಂದಿಸುವುದು

ಇಡೀ ಕೆಲಸದ ಗಂಟು ಇಲ್ಲಿದೆ. ಗೊಂಬೆಗೆ ಉಡಿಸಿದ ಅಚ್ಚನ್ನು ದಪ್ಪ ಮೈಯವರ ಫೋಟೊಗೆ ಹಿಗ್ಗಿಸಿ ಕೂರಿಸಿದಾಗ ಮೇಲ್ನೋಟಕ್ಕೆ ಚೆಂದ ಕಂಡಿತು. ಅಂಗಡಿಯವರು ಒಂದೇ ನೋಟಕ್ಕೆ, "ದಡಿ ಹಿಗ್ಗೇತಿ ನೋಡ್ರಿ" ಎಂದರು. ಅಳೆದರೆ ಹೌದು, ಸೆರಗಿನ ಅಂಚಿನಲ್ಲಿ 10 ಸೆಂ.ಮೀ. ದಡಿ 12.5 ಆಗಿತ್ತು. ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಮೈ ದೊಡ್ಡದಾದರೆ ಸೀರೆ ಹೆಚ್ಚು ಖರ್ಚಾಗುತ್ತದೆ, ಅಷ್ಟೇ. ಆ ಖರ್ಚು ನಿರಿಗೆಯಿಂದ ಇಲ್ಲವೇ ಸೆರಗಿನಿಂದ ಬರಬೇಕು.

ಆರು ವಾರದ, ಅಂದರೆ 550 ಸೆಂ.ಮೀ. ಸೀರೆಯ ಖರ್ಚು ಹೀಗೆ. ಸೊಂಟಕ್ಕೆ ಮೊದಲ ಸುತ್ತು, ನಿರಿಗೆ ಆದ ಮೇಲೆ ಇನ್ನೊಂದು ಸುತ್ತು. ಅಲ್ಲಿಂದ ಎದೆ ದಾಟಿ ಹೆಗಲಿಗೆ ಸುಮಾರು 75. ಹೆಗಲಿಂದ ಕೆಳಗೆ ಸೆರಗು 105. ಸಿಕ್ಕಿಸಲು, ಒಂದರ ಮೇಲೊಂದು ಬರಲು 30. ಉಡುವವರು ಸಾಮಾನ್ಯವಾಗಿ ಸೆರಗನ್ನು ಮೊದಲು ಅಳೆದುಕೊಂಡು, ಉಳಿದದ್ದನ್ನು ನಿರಿಗೆ ಹಿಡಿಯುತ್ತಾರೆ. ಪ್ರೋಗ್ರಾಮೂ ಅದೇ ಕ್ರಮ ಹಿಡಿಯಬೇಕು.

```python
def budget(hip, front, pallu, total=550, slack=30, pleat=25):
    left = total - slack - 2*hip - front - pallu
    n = int(left // pleat)
    return n, pallu + left - n*pleat
```

ಹಿಪ್ಪಿನ ಸುತ್ತಳತೆ 95 ಇದ್ದವರಿಗೆ ಉಳಿಯುವುದು 150, ಅಂದರೆ ಆರು ನಿರಿಗೆ, ಸೆರಗು 105. ಸುತ್ತಳತೆ 115, ಎದೆ ದಾಟಿ ಹೆಗಲಿಗೆ 80 ಆದಾಗ ಎರಡು ಸುತ್ತಿಗೇ 40 ಸೆಂ.ಮೀ. ಹೆಚ್ಚು ಹೋಗುತ್ತದೆ. ಉಳಿಯುವುದು 105, ನಾಲ್ಕೇ ನಿರಿಗೆ, ಮಿಕ್ಕ 5 ಸೆಂ.ಮೀ. ಸೆರಗಿಗೆ ಸೇರಿ 110. ಇದು ಗಿರಾಕಿಗೆ ನಿಜವಾಗಿ ಬೇಕಾದ ಮಾಹಿತಿ. ಆರು ನಿರಿಗೆಯ ಚಿತ್ರ ತೋರಿಸಿ ಸೀರೆ ಮಾರಿದರೆ ಮನೆಯಲ್ಲಿ ಉಟ್ಟಾಗ ನಾಲ್ಕೇ ಬರುತ್ತವೆ. ಲೆಕ್ಕದಲ್ಲಿ ನಾಲ್ಕಕ್ಕಿಂತ ಕಡಿಮೆ ಬಂದರೆ ಎಂಟು ವಾರದ ಸೀರೆ ತೋರಿಸುವಂತೆ ಮಾಡಿದ್ದೇವೆ, ಇಳಕಲ್‌ನಲ್ಲಿ 6, 8, 9 ವಾರದ ಸೀರೆಗಳು ಸಿಗುತ್ತವೆ.

ಇದಕ್ಕಾಗಿ ಗೊಂಬೆಗೆ ಸ್ಪಂಜು ಸುತ್ತಿ ಹಿಪ್ಪು 90, 102, 115ಕ್ಕೆ ಮೂರು ಅಚ್ಚು ತೆಗೆದೆವು. ನಿರಿಗೆಯ ಭಾಗವನ್ನು ಬೇರೆ ಪದರವಾಗಿ 4, 5, 6, 7 ನಿರಿಗೆಗೆ ಮಾಡಿಟ್ಟೆವು. ಗಿರಾಕಿಯ ಅಳತೆಗೆ ಹತ್ತಿರದ ಅಚ್ಚು ಆರಿಸಿ, ಉಳಿದ ವ್ಯತ್ಯಾಸಕ್ಕೆ ತುಂಡಿನ ಆಕಾರವನ್ನು ಮಾತ್ರ ಹಿಗ್ಗಿಸುತ್ತೇವೆ. ಒಳಗಿನ ಚಿತ್ತಾರಕ್ಕೆ ಸೆಂ.ಮೀ. ಲೆಕ್ಕ ಹೊಸದಾಗಿ ಹಾಕುತ್ತೇವೆ. ಹೀಗೆ ಮಾಡಿದರೆ ದಡಿ ಎಲ್ಲಿ ಅಳೆದರೂ 10 ಸೆಂ.ಮೀ. ಇರುತ್ತದೆ.

ಎತ್ತರಕ್ಕೆ ಬೇರೆ ನಿಯಮ. ಸೀರೆಯ ಪನ್ನ 115 ಸೆಂ.ಮೀ., ಸೊಂಟದಿಂದ ನೆಲಕ್ಕೆ ಬೇಕಾಗುವುದು ಸುಮಾರು 95. ಮಿಕ್ಕದ್ದು ಸೊಂಟದೊಳಗೆ ಹೋಗುತ್ತದೆ. ಹಾಗಾಗಿ ಸೊಂಟದ ಕೆಳಗಿನ ತುಂಡುಗಳ ಲೆಕ್ಕವನ್ನು ಯಾವಾಗಲೂ ನೆಲದ ಕಡೆಯಿಂದ ಹಿಡಿಯಬೇಕು. ಮೇಲಿನಿಂದ ಹಿಡಿದರೆ ಗಿಡ್ಡ ಇರುವವರಿಗೆ ಕೆಳದಡಿಯೇ ಕತ್ತರಿಸಿ ಹೋಗುತ್ತದೆ.

ಫೋಟೊದಿಂದ ಈ ಅಳತೆಗಳು ಬರುತ್ತವೆಯೇ? ಎತ್ತರ ಹೇಳಿದರೆ ಪಿಕ್ಸೆಲ್ಲಿಗೆ ಎಷ್ಟು ಸೆಂ.ಮೀ. ಎಂಬುದು ಸಿಗುತ್ತದೆ. ಹಿಪ್ಪಿನ ಸುತ್ತಳತೆ ಸಿಗುವುದಿಲ್ಲ, ಎದುರಿನ ಫೋಟೊದಲ್ಲಿ ಅಗಲ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಎತ್ತರ, ಹಿಪ್ಪಿನ ಸುತ್ತಳತೆ ಎರಡನ್ನೂ ಗಿರಾಕಿಯಿಂದಲೇ ಕೇಳಿ ಪಡೆಯುತ್ತೇವೆ. ಅಂಗಿಗಳ ಟ್ರೈ-ಆನ್‌ನಲ್ಲೂ ಇದೇ ಕೊರತೆ ಇದೆ. 36ರ ಅಂಗಿಯ ಫೋಟೊವನ್ನು 44ರ ಮೈಗೆ ಕೊಟ್ಟರೂ ಮಾಡೆಲ್ ಅದನ್ನು ಸರಿಯಾಗಿ ಹೊಂದಿದಂತೆಯೇ ತೋರಿಸುತ್ತದೆ, ಏಕೆಂದರೆ ಅದಕ್ಕೆ ಕೊಟ್ಟಿರುವುದು ಚಿತ್ರ, ಅಳತೆಯಲ್ಲ.

ಹಂತ 6: ಕೈ, ಬಳೆ, ತಾಳಿ, ಕುಬಸ

ಅಚ್ಚನ್ನು ಕೂರಿಸಿದ ಮೇಲೆ ಅಂಚುಗಳು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತವೆ. ಇಲ್ಲಿ ಮಾತ್ರ ಡಿಫ್ಯೂಷನ್ ಉಪಯೋಗಕ್ಕೆ ಬಂತು. ಅಂಚಿನುದ್ದಕ್ಕೂ 12–15 ಪಿಕ್ಸೆಲ್ ಪಟ್ಟಿಗೆ ಮಾಸ್ಕ್ ಹಾಕಿ, ಎಷ್ಟು ಬದಲಿಸಬೇಕೆಂಬ ಡಿನಾಯ್ಸ್ ಬೆಲೆಯನ್ನು 0.3ರಲ್ಲಿಟ್ಟು ಆ ಪಟ್ಟಿಯನ್ನಷ್ಟೇ ಮಾಡೆಲ್‌ನಿಂದ ಮತ್ತೆ ಬಿಡಿಸಿದರೆ, ಅಂದರೆ ಇನ್‌ಪೇಂಟ್ ಮಾಡಿದರೆ ಕೊರಳ ಹತ್ತಿರದ ನೆರಳು, ಪಾದದ ಬಳಿಯ ನೆರಳು ಕೂಡಿಕೊಳ್ಳುತ್ತವೆ. 0.5 ದಾಟಿದರೆ ದಡಿಯನ್ನು ಮತ್ತೆ ಬರೆಯಲು ತೊಡಗುತ್ತದೆ. ಇನ್‌ಪೇಂಟ್ ಆದ ಮೇಲೆ ದಡಿ ಮತ್ತು ಸೆರಗಿನ ಪಿಕ್ಸೆಲ್‌ಗಳನ್ನು ಅಸಲಿಯಿಂದ ಮತ್ತೊಮ್ಮೆ ಅಂಟಿಸುವುದು ಒಳ್ಳೆಯದು.

ಸಿದ್ಧ ಮಾಡೆಲ್‌ಗಳು ಹಳೆಯ ಉಡುಪನ್ನು ಮುಚ್ಚುವಾಗ ತೋಳುಗಳನ್ನೂ ಮುಚ್ಚುತ್ತವೆ, ಆಮೇಲೆ ಕೈಯನ್ನು ಹೊಸದಾಗಿ ಬಿಡಿಸುತ್ತವೆ. ಬಳೆ ಹೋಗುತ್ತವೆ, ತಾಳಿ ಹೋಗುತ್ತದೆ. ಹೆಣ್ಣುಮಕ್ಕಳು ಚಿತ್ರದಲ್ಲಿ ಮೊದಲು ಗಮನಿಸುವುದು ಅದನ್ನೇ, ಬರಿಗೈ ಯಾರಿಗೂ ಹಿಡಿಸುವುದಿಲ್ಲ. ನಮ್ಮ ಕ್ರಮದಲ್ಲಿ ಕೈ, ಬಳೆ, ತಾಳಿಗೆ ಬೇರೆ ಮಾಸ್ಕ್ ಮಾಡಿ ಎಲ್ಲಕ್ಕಿಂತ ಮೇಲಿನ ಪದರವಾಗಿ ಅವರ ಫೋಟೊದಿಂದಲೇ ವಾಪಸು ಇಡುತ್ತೇವೆ.

ಗುಳೇದಗುಡ್ಡ ಖಣದ ಕುಬಸಕ್ಕೆ ಹೆಚ್ಚು ಕಷ್ಟವಿಲ್ಲ. ಖಣದ ಚಿತ್ತಾರ ಸಣ್ಣದು, ಅದನ್ನೂ ಫೋಟೊದಿಂದಲೇ ಕೂರಿಸಬೇಕು. ಮಾಡೆಲ್‌ಗೆ ಬಿಟ್ಟರೆ ಕುಬಸವನ್ನು ಸೊಂಟದವರೆಗೆ ಎಳೆಯುತ್ತದೆ.

ಗಿರಾಕಿಗೆ ಹೇಳಬೇಕಾದದ್ದು: ಮೈಗೆ ಹತ್ತಿರವಿರುವ ಉಡುಪಿನಲ್ಲಿ, ನೇರ ನಿಂತು, ಎಡಗೈ ಮೈಯಿಂದ ಸ್ವಲ್ಪ ಹೊರಗೆ ಇಟ್ಟು ಫೋಟೊ ತೆಗೆಯಬೇಕು. ಘೇರು ಇರುವ ಚೂಡಿದಾರ್ ಆದರೆ ಅದರ ಅಂಚು ಸೀರೆಯ ಹೊರಗೆ ಇಣುಕುತ್ತದೆ. ಎಡಗೈ ಹೊರಗಿರಬೇಕಾದದ್ದು ಸೆರಗಿಗಾಗಿ. ಸೆರಗು ಬೆನ್ನ ಹಿಂದೆ ಬಿದ್ದರೆ ಎದುರಿನ ಫೋಟೊದಲ್ಲಿ ಟೋಪ ತೆನಿ ಕಾಣುವುದೇ ಇಲ್ಲ. ಹೀಗಾಗಿ ಅಚ್ಚಿನಲ್ಲಿ ಸೆರಗನ್ನು ಮಡಿಕೆ ಹಾಕದೆ ಎಡತೋಳಿನ ಮೇಲೆ ಬಿಟ್ಟಿದ್ದೇವೆ. ಸೆರಗಿನ ಭಾಗದ ಲೆಕ್ಕವನ್ನು ಸೆರಗಿನ ತುದಿಯಿಂದ ಹಿಡಿದಿದ್ದರಿಂದ 20 ಇಂಚಿನ ಸೆರಗಿಗೂ 27 ಇಂಚಿನದಕ್ಕೂ ಒಂದೇ ಅಚ್ಚು ನಡೆಯುತ್ತದೆ.

ಹಂತ 7: ಪರೀಕ್ಷೆ ಮತ್ತು ಉಳಿದದ್ದು

ಪ್ರತಿ ಚಿತ್ರಕ್ಕೂ ಎರಡು ಪರೀಕ್ಷೆ. ದಡಿಯನ್ನು ನಿರಿಗೆ, ಹಿಪ್ಪು, ಹೆಗಲು ಮೂರು ಕಡೆ ಅಳೆದು, ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ತುಂಡಿನ ಬಿಂದುಗಳನ್ನು ಮತ್ತೆ ನೋಡುವುದು. ಸೆರಗಿನಲ್ಲಿ ಕಾಣುವ ಹಲ್ಲುಗಳನ್ನು ಎಣಿಸಿ ಸೀರೆಯ ಫೋಟೊದೊಂದಿಗೆ ಹೋಲಿಸುವುದು. ಹಲ್ಲು ಹೆಚ್ಚು ಕಡಿಮೆಯಾದರೆ ಎರಡು ತುಂಡುಗಳ ಮಾಸ್ಕ್ ಒಂದರ ಮೇಲೊಂದು ಬಿದ್ದಿದೆ ಎಂದರ್ಥ.

ಬಗೆಹರಿಯದ್ದು ಬಣ್ಣ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಒಡಲು ಮಡಿಕೆ ತಿರುಗಿದಂತೆ ಬಣ್ಣ ಬದಲಿಸುತ್ತದೆ. ಒಂದೇ ಫೋಟೊದಿಂದ ಅದು ಬರುವುದಿಲ್ಲ, ನೆರಳಿನ ಗುಣಾಕಾರ ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಬಣ್ಣ ತಿರುಗಿಸುವುದಿಲ್ಲ. ರೇಷ್ಮೆ ದಡಿಯ ಹೊಳಪೂ ಹಾಗೆಯೇ ಸಪ್ಪೆ. ಅಂಥ ಸೀರೆಗಳಿಗೆ ಚಿತ್ರದ ಜೊತೆ ಸೀರೆಯ ಚಿಕ್ಕ ವಿಡಿಯೊ ಕಳಿಸುತ್ತಿದ್ದಾರೆ. ಕುಳಿತ, ಪಕ್ಕಕ್ಕೆ ತಿರುಗಿದ ಫೋಟೊ ತೆಗೆದುಕೊಳ್ಳುವುದಿಲ್ಲ. ಬಲಹೆಗಲಿನ ಸೆರಗು, ಕಚ್ಚೆ ಸೀರೆಗೆ ಅಚ್ಚು ಇನ್ನೂ ಆಗಿಲ್ಲ. ಅಚ್ಚನ್ನು ಕನ್ನಡಿಯಂತೆ ತಿರುಗಿಸಿದರೆ ಬಲಹೆಗಲಿನದು ಆಗುತ್ತದೆಂದು ತೋರಬಹುದು, ಆದರೆ ಸೀರೆಯ ಚಿತ್ತಾರವೂ ತಿರುಗದಂತೆ ಬಟ್ಟೆಯ ಲೆಕ್ಕವನ್ನು ಬೇರೆ ಹಾಕಬೇಕು.

ಇದನ್ನು ಅಂಗಡಿಗೆ ಕಟ್ಟುವವರು ಪರವಾನಗಿಯನ್ನೂ ಓದಿಕೊಳ್ಳಬೇಕು. ಕ್ಯಾಟ್‌ವಿಟಾನ್, ಅದೇ ಬಗೆಯ ಐಡಿಎಂ-ವಿಟಾನ್ ಎರಡೂ `CC BY-NC-SA 4.0` ಅಡಿ ಬಿಡುಗಡೆಯಾದವು, ವ್ಯಾಪಾರಕ್ಕೆ ಬಳಸುವಂತಿಲ್ಲ. ಹೀಗಾಗಿ ಹಂತ 2ರದ್ದು ಪರೀಕ್ಷೆಗಷ್ಟೇ ಉಳಿಯಿತು. ಅಂಗಡಿಯಲ್ಲಿ ಓಡುತ್ತಿರುವುದು ಚೌಕಳಿ ಸೀರೆಯ ಅಚ್ಚುಗಳು, ಅಂಚಿನ ಕೆಲಸಕ್ಕೆ ಸ್ಟೇಬಲ್ ಡಿಫ್ಯೂಷನ್‌ನ ಇನ್‌ಪೇಂಟಿಂಗ್ ಮಾಡೆಲ್. ಅದರ ಓಪನ್‌ರೇಲ್ ಪರವಾನಗಿ ಷರತ್ತುಗಳೊಂದಿಗೆ ವ್ಯಾಪಾರದ ಬಳಕೆಗೆ ಅವಕಾಶ ಕೊಡುತ್ತದೆ.